ಉಪ್ಪು ಹಾಕಿದ ಸಕ್ಕರೆ ನೀರು

ಹಿಮಾಯತ್‌ನಗರದ ನಮ್ಮ ಹಾಸ್ಟೆಲಿನಲ್ಲಿ ಆಗ ಅಕ್ಕಪಕ್ಕದ ಕೋಣೆಯವರೆಲ್ಲ ಕಂಪ್ಯೂಟರಿನ ಜಾವಾ ಕಲಿಯುತ್ತಿದ್ದರು. ಜೀವಕೋಶದ ಪೊರೆಗೆ ಅಂಟಿಕೊಂಡು ಕೂತವರು ಬಯೋಕೆಮಿಸ್ಟ್ರಿ ಓದುತ್ತಿದ್ದ ನಾವಿಬ್ಬರೇ, ಮೈಸೂರಿನ ನಾನು ಮತ್ತು ರಾಯಚೂರಿನ ನನ್ನ ರೂಮ್‌ಮೇಟ್. ಪೊರೆಯನ್ನು ಏನು ಹೇಗೆ ದಾಟುತ್ತದೆ ಎಂಬ ಪಾಠದ ಪರೀಕ್ಷೆ ಮರುದಿನವಿತ್ತು. ಅವಳೋ ಮಿರ್ಚಿ ಬಜ್ಜಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಳು. ನಾನು ಕಲಸಿಕೊಟ್ಟ ಉಪ್ಪು-ಸಕ್ಕರೆಯ ಓಆರ್‌ಎಸ್ ನೀರು ಲೋಟದಲ್ಲಿ ಹಾಗೇ ಉಳಿದಿತ್ತು.

“ಲೇ, ಬರೇ ಸಕ್ಕರಿ ನೀರು ಕೊಡು. ಈ ಉಪ್ಪು ಯಾಕ ಬೇಕು?” ಎಂದಳು.

“ಅದೇ ನನ್ನ ಪ್ರಶ್ನೆ. ಸರಿಯಾಗಿ ಹೇಳಿದ್ರೆ ಸಕ್ಕರೆ ನೀರೇ ಕೊಡ್ತೀನಿ.”

ಅವಳು ಕಣ್ಣು ಮುಚ್ಚಿ ಶುರುಮಾಡಿದಳು. “ಕರುಳಿನ ಕೋಶದೊಳಗ ಸೋಡಿಯಂ ಕಡಿಮಿ ಇರ್ತೈತಿ. ಹಂಗಾಗಿ ಹೊರಗಿನ ಸೋಡಿಯಂ ಪೊರೀ ಬಾಗಲದಿಂದ ಒಳಗ ನುಗ್ತೈತಿ. ಅದರ ಜೋಡಿ ಗ್ಲೂಕೋಸೂ ಬರ್ತೈತಿ. ಅವೆರಡರ ಹಿಂದ ನೀರು.”

“ಕೋಶದ ಇಂಧನ, ಎಟಿಪಿ, ಎಲ್ಲಿ ಖರ್ಚಾಗುತ್ತೆ?”

“ಈ ಬಾಗಲದಾಗ ಅಲ್ಲ. ಕೋಶದ ಆಚೀ ಕಡೆ ಪಂಪಿನಾಗ. ಮೂರು ಸೋಡಿಯಂ ಹೊರಗ, ಎರಡು ಪೊಟ್ಯಾಸಿಯಂ ಒಳಗ.”

“ಕರುಳಲ್ಲಿ ಉಪ್ಪಿನ ಸೋಡಿಯಂ ಇಲ್ದಿದ್ರೆ?”

“ಗ್ಲೂಕೋಸ್ ಬಾಗಲದಾಗ ನಿಲ್ತೈತಿ. ನೀರೂ ಅಲ್ಲೇ…”

ಉತ್ತರ ಪೂರ್ತಿ ಸರಿ. ಮಾತು ಕೊಟ್ಟಿದ್ದೆನಲ್ಲ, ಎದ್ದು ಇನ್ನೊಂದು ಲೋಟಕ್ಕೆ ಸಕ್ಕರೆ ಹಾಕಿ ಕಲಕಿದೆ. ತಿರುಗಿ ನೋಡಿದರೆ ಅವಳು ಹಳೆಯ ಲೋಟವನ್ನೇ ಎತ್ತಿ, ಮುಖ ಕಿವುಚಿಕೊಂಡು, ತಳ ಕಾಣುವವರೆಗೆ ಕುಡಿಯುತ್ತಿದ್ದಳು.

“ನಾ ಗೆದ್ದ ಸಕ್ಕರಿ ನೀರು ನೀನೇ ಕುಡಿ,” ಎಂದು ಬಾಯಿ ಒರೆಸಿಕೊಂಡಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನು ಕುಡಿದೆ, ಚಿಟಿಕೆ ಉಪ್ಪು ಹಾಕಿಕೊಂಡು.