ಅಳತೆಗಿಂತ ಹನ್ನೆರಡು ಇಂಚು ಹೆಚ್ಚು

ಗುಬ್ಬಿಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಗುಂಡಯ್ಯ ಇಪ್ಪತ್ತೊಂಬತ್ತು ವರ್ಷ ಬಟ್ಟೆ ಹೊಲಿದರು. ಅವರು ಹೊಲಿದ ಶರ್ಟಿನ ಬೆನ್ನಿನಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಮದುವೆ ಗೊತ್ತಾದ ಗಂಡುಗಳು ತುಮಕೂರಿನಿಂದಲೂ ಬಂದು ಅವರ ಹತ್ತಿರ ಅಳತೆ ಕೊಟ್ಟು ಹೋಗುತ್ತಿದ್ದರು. ಮೈಗೆ ಹಿಡಿದಂತೆ ಕೂರುವುದೇ ಒಳ್ಳೆಯ ಹೊಲಿಗೆ ಎಂಬುದು ಅವರ ಗುರು ಹೇಳಿಕೊಟ್ಟ ಮೊದಲ ಪಾಠ. ಅದನ್ನು ಅವರು ಯಾವತ್ತೂ ಬಿಟ್ಟವರಲ್ಲ. ಆದರೆ ರೆಡಿಮೇಡ್ ಅಂಗಡಿಗಳು ಹೆಚ್ಚಾದ ಮೇಲೆ ಅಂಗಡಿಗೆ ಬರುವವರು ಕಮ್ಮಿಯಾದರು. ಕೊನೆಕೊನೆಗೆ ಜಿಪ್ ಬದಲಾಯಿಸುವುದು, ಪ್ಯಾಂಟು ಮೋಟು ಮಾಡುವುದು, ಇಷ್ಟೇ ಉಳಿಯಿತು.

ಆಗ ಅವರ ಹೆಂಡತಿ ರಂಗಲಕ್ಷ್ಮಮ್ಮನ ತಮ್ಮ ರಂಗನಾಥ್ ಒಂದು ಮಾತು ತಂದ. ಅವನದು ಸೋಲಾರ್ ಪ್ಯಾನಲ್ ಕೂರಿಸುವ ಗ್ಯಾಂಗು. ಪಾವಗಡದಲ್ಲಿ ಕೆಲಸ ಕಲಿತ ಹದಿನಾಲ್ಕು ಜನ ಗುಬ್ಬಿ, ಕುಣಿಗಲ್ ಕಡೆಯವರು. ಅವರಿಗೆ ರಾಜಸ್ಥಾನದ ಮರಳುಗಾಡಿನಲ್ಲಿ ನಾಲ್ಕು ತಿಂಗಳ ಕೆಲಸ ಸಿಕ್ಕಿತ್ತು. ಸಾಮಾನು ನೋಡಿಕೊಳ್ಳಲು, ಅಡುಗೆಯವನಿಗೆ ಕೈ ಜೋಡಿಸಲು ನಂಬಿಕೆಯ ಒಬ್ಬರು ಬೇಕಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಗುಂಡಯ್ಯ ಮೊದಲ ಸಲ ರೈಲಿನಲ್ಲಿ ಎರಡು ಹಗಲು ಎರಡು ರಾತ್ರಿ ಕೂತರು. ಅಭ್ಯಾಸಕ್ಕೆ ಟೇಪು, ಕತ್ತರಿ, ಸೀಮೆಸುಣ್ಣ ಬ್ಯಾಗಿನಲ್ಲಿದ್ದವು.

ಅವರು ಹೋದದ್ದು ಏಪ್ರಿಲ್ ಕೊನೆಯಲ್ಲಿ. ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಹನ್ನೊಂದಕ್ಕೆ ನಿಲ್ಲುತ್ತಿತ್ತು, ಮತ್ತೆ ಸಂಜೆ ನಾಲ್ಕರ ಮೇಲೆ. ಆದರೂ ಹತ್ತು ಗಂಟೆಗೇ ನಲವತ್ತಮೂರು ಡಿಗ್ರಿ ದಾಟುತ್ತಿತ್ತು. ಕಂಪನಿಯವರು ಕೊಟ್ಟಿದ್ದ ಪಾಲಿಯೆಸ್ಟರ್ ಸಮವಸ್ತ್ರ ದಪ್ಪ, ಬಿಗಿ. ಸೂಪರ್‌ವೈಸರ್ ಕಣ್ಣಿಗೆ ಬೀಳದ ಕಡೆ ಹುಡುಗರು ಅದನ್ನು ಕಳಚಿ ಕಂಬಕ್ಕೆ ತೂಗುಹಾಕಿ, ಬನಿಯನ್ನು ಚಡ್ಡಿಯಲ್ಲೇ ದುಡಿಯುತ್ತಿದ್ದರು. ಊರಲ್ಲಿ ಸೆಕೆಯಾದರೆ ಮಾಡುತ್ತಿದ್ದುದೂ ಅದನ್ನೇ. ಗುಂಡಯ್ಯನವರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಒಂಬತ್ತನೆಯ ದಿನ ಹುತ್ರಿದುರ್ಗದ ಅನಂತರಾಜು ಬಿದ್ದ. ಮೂವತ್ತರ ಗಟ್ಟಿ ಆಳು, ಗ್ಯಾಂಗಿನಲ್ಲಿ ಎಲ್ಲರಿಗಿಂತ ಚುರುಕು. ತಲೆ ಸುತ್ತುತ್ತಿದೆ ಎಂದವನು ಪ್ಯಾನಲ್ ಹಿಡಿದುಕೊಂಡೇ ಕುಸಿದ. ನೀರಿನ ಕ್ಯಾನ್ ಹೊತ್ತು ತರುತ್ತಿದ್ದ ಗುಂಡಯ್ಯ ಓಡಿಹೋಗಿ ಅವನನ್ನು ನೆರಳಿಗೆ ಎಳೆದರು. ಬೆನ್ನು ಮುಟ್ಟಿದರೆ ಒದ್ದೆಯೇ ಇಲ್ಲ, ಬಿಳಿ ಉಪ್ಪು ಹುಡಿಹುಡಿಯಾಗಿ ಕೈಗೆ ಅಂಟಿತು. ಬೆವರೇ ಬಂದಿಲ್ಲವಲ್ಲ ಎಂದು ರಂಗನಾಥ್ ಗಾಬರಿಯಾದ.

ಸೈಟಿನ ಸುರಕ್ಷತೆ ನೋಡಿಕೊಳ್ಳುತ್ತಿದ್ದವಳು ಕುಣಿಗಲ್ಲಿನ ಇಂಪನಾ, ಡಿಪ್ಲೊಮಾ ಓದಿದ ಹುಡುಗಿ. ಅವಳು ಬಂದು ಒದ್ದೆ ಬಟ್ಟೆ ಹೊದಿಸಿ, ಫ್ಯಾನು ತಿರುಗಿಸಿ, ಉಪ್ಪು ಸಕ್ಕರೆಯ ನೀರು ಗುಟುಕು ಗುಟುಕಾಗಿ ಕುಡಿಸಿ, ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದಳು. ಅನಂತರಾಜುವಿಗೆ ಎಚ್ಚರವಿತ್ತು, ಮಾತಾಡುತ್ತಿದ್ದ. ಎರಡು ದಿನದಲ್ಲಿ ಅವನು ವಾಪಸ್ ಬಂದ. ಬೆವರು ಬರದೆ ಇದ್ದದ್ದಲ್ಲ, ಬಂದದ್ದು ಬಂದಂತೆಯೇ ಒಣಗಾಳಿಗೆ ಆರಿಹೋಗಿತ್ತು ಎಂದು ಇಂಪನಾ ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು. ಅವನ ಮೈಯೊಳಗಿನ ನೀರು ಲೀಟರ್‌ಗಟ್ಟಲೆ ಹೋಗಿತ್ತು, ಅದು ಅವನಿಗೇ ತಿಳಿದಿರಲಿಲ್ಲ.

ಮರುದಿನದಿಂದ ತೋಳು, ಕಾಲು ಮುಚ್ಚುವ ಬಟ್ಟೆ ಇಲ್ಲದೆ ಯಾರೂ ಕೆಲಸಕ್ಕೆ ಇಳಿಯಬಾರದು ಎಂದು ಅವಳು ಕಡ್ಡಾಯ ಮಾಡಿದಳು. ಹುಡುಗರು ಒಪ್ಪಲಿಲ್ಲ. ಬನಿಯನ್ನಿನಲ್ಲೇ ಬಿದ್ದವನು ಅಷ್ಟು ಬಟ್ಟೆ ಹಾಕಿದ್ದರೆ ಸತ್ತೇ ಹೋಗುತ್ತಿದ್ದ ಎಂಬುದು ಅವರ ಲೆಕ್ಕ.

ಅನಂತರಾಜುವಿನ ಬೆನ್ನಿನ ಉಪ್ಪು ಗುಂಡಯ್ಯನವರ ಮನಸ್ಸಿನಿಂದ ಹೋಗಿರಲಿಲ್ಲ. ಪಾಲಿಯೆಸ್ಟರ್ ಬೇಡವೆಂದರೆ ಕಾಟನ್ನಿನಲ್ಲಿ ನಾನೇ ಹೊಲಿದುಕೊಡುತ್ತೇನೆ ಎಂದರು. ಸೈಟಿನ ಕಾವಲುಗಾರ ಭೀಮಾರಾಮ್ ಪಕ್ಕದ ಊರಿನವನು. ಅವನ ಸೊಸೆಯ ಹತ್ತಿರ ಕಾಲಿನಲ್ಲಿ ತುಳಿಯುವ ಹೊಲಿಗೆ ಮೆಷಿನ್ ಇತ್ತು. ಪೇಟೆಯಿಂದ ಬಟ್ಟೆ ತರಿಸಿ, ನಾಲ್ಕು ಜನರ ಅಳತೆ ತೆಗೆದು, ಮೂರು ಮಧ್ಯಾಹ್ನ ಕೂತು ನಾಲ್ಕು ತುಂಬುತೋಳಿನ ಶರ್ಟು ಹೊಲಿದರು. ಬಹಳ ದಿನದ ಮೇಲೆ ಪೂರಾ ಬಟ್ಟೆ ಹೊಲಿಯುವ ಕೆಲಸ ಸಿಕ್ಕಿತ್ತು. ಭುಜ, ಎದೆ, ಕಂಕುಳು, ಎಲ್ಲ ಅಚ್ಚುಕಟ್ಟಾಗಿ ಕೂತವು.

ಶರ್ಟುಗಳು ಒಂದೇ ಬೆಳಿಗ್ಗೆ ಬಾಳಿದವು. ಹತ್ತು ಗಂಟೆಗೆಲ್ಲ ಬೆನ್ನಿಗೂ ಕಂಕುಳಿಗೂ ಅಂಟಿಕೊಂಡು, ಮೈಮೇಲೆ ಬಿಸಿ ಹಂಚು ಕಟ್ಟಿಕೊಂಡಂತಾಯಿತು ಎಂದು ಹುಡುಗರು ಬಿಚ್ಚಿ ಬಿಸಾಕಿದರು. ರಂಗನಾಥ್ ಮೆತ್ತಗೆ ಹೇಳಿದ:

“ಭಾವ, ನಿಮ್ಮ ಕೈಗೆಲ್ಸದಲ್ಲಿ ತಪ್ಪಿಲ್ಲ. ಈ ಬಿಸ್ಲಿಗೆ ಬಟ್ಟೇನೇ ಆಗ್ಬರಲ್ಲ. ಬುಡಿ.”

ಗುಂಡಯ್ಯ ಶರ್ಟುಗಳನ್ನು ಒಂದೊಂದಾಗಿ ಎತ್ತಿಕೊಂಡು ಮಡಿಚಿಟ್ಟರು. ಅವತ್ತು ಮಧ್ಯಾಹ್ನ ಕಾವಲು ಗುಡಿಸಲಿನ ನೆರಳಿನಲ್ಲಿ ಅವನ್ನು ಪಕ್ಕದಲ್ಲಿಟ್ಟುಕೊಂಡು ಕೂತರು. ಎದುರಿಗೆ ಭೀಮಾರಾಮ್. ಎಪ್ಪತ್ತರ ಹತ್ತಿರದ ಮುದುಕ, ತಲೆಗೆ ದೊಡ್ಡ ಪೇಟ, ಒಳಗೊಂದು ತೆಳು ಅಂಗಿ, ಮೇಲೊಂದು ದೊಗಳೆ ನಿಲುವಂಗಿ, ಕೆಳಗೆ ಪಂಚೆ. ಬೆಳಗಿನಿಂದ ಬಿಸಿಲಿನಲ್ಲೇ ಗೇಟಿನ ಹತ್ತಿರ ನಿಂತಿದ್ದವನು. ಅವನು ಗುಂಡಯ್ಯ ಹೊಲಿದ ಶರ್ಟೊಂದನ್ನು ಎತ್ತಿ ನೋಡಿ, ತಮಾಷೆಗೆ ತನ್ನ ಎದೆಗೆ ಬಿಗಿಯಾಗಿ ಸುತ್ತಿಕೊಂಡು, ಬಟ್ಟೆಗೂ ಮೈಗೂ ನಡುವೆ ಬೆರಳು ತೂರಿಸಲು ನೋಡಿದ. ತೂರಲಿಲ್ಲ. “ಹವಾ ಕಹಾಂ?” ಎಂದ. ಗಾಳಿ ಎಲ್ಲಿ?

ಗುಂಡಯ್ಯನವರಿಗೆ ಹಿಂದಿ ಅಷ್ಟಕ್ಕಷ್ಟೆ, ಆ ಎರಡು ಮಾತು ತಿಳಿಯಿತು. ಎದ್ದು ಭೀಮಾರಾಮನನ್ನು ಕೇಳಿಕೊಂಡು ಇನ್ನೊಂದು ಸಲ ಬಿಸಿಲಿನಲ್ಲಿ ನಿಲ್ಲಿಸಿದರು. ಐದು ನಿಮಿಷ ಬಿಟ್ಟು ಅವನ ಭುಜದ ಮೇಲೆ ಅಂಗೈ ಇಟ್ಟರು. ಬಟ್ಟೆ ಕಾದಿತ್ತು. ತೋಳಿನ ಒಳಗೆ ಕೈ ತೂರಿಸಿ ಒಳಗಿನ ಅಂಗಿ ಮುಟ್ಟಿದರೆ ಅಷ್ಟು ಬಿಸಿ ಇಲ್ಲ. ಕುತ್ತಿಗೆಯ ಹತ್ತಿರ ಕೈ ಹಿಡಿದರೆ ಒಳಗಿನಿಂದ ಹಸಿಹಸಿ ಗಾಳಿ ಮೇಲಕ್ಕೆ ಬರುತ್ತಿತ್ತು. ಗಾಳಿ ಬೀಸಿದಾಗ ನಿಲುವಂಗಿಯ ಅಂಚು ಎದ್ದು ಬೀಳುತ್ತಿತ್ತು, ಬಿದ್ದಾಗಲೆಲ್ಲ ಕುತ್ತಿಗೆಯಿಂದ ಉಸಿರು ಬಿಟ್ಟಂತೆ ಗಾಳಿ ಹೊರಡುತ್ತಿತ್ತು. ಹತ್ತಿರ ಹತ್ತಿರ ಮೂವತ್ತು ವರ್ಷ ಬಟ್ಟೆಯನ್ನೇ ಮುಟ್ಟಿದ ಕೈ ಅದು. ಬಟ್ಟೆಗೂ ಮೈಗೂ ನಡುವಿನ ಜಾಗವನ್ನು ಅವರು ಅದುವರೆಗೂ ತಪ್ಪು ಎಂದೇ ತಿಳಿದು ಕತ್ತರಿಸಿ ಹಾಕುತ್ತಿದ್ದರು.

ಸಂಜೆ ಇಂಪನಾಳನ್ನು ಹುಡುಕಿಕೊಂಡು ಹೋಗಿ ಕಂಡದ್ದನ್ನು ಹೇಳಿದರು. ಅವಳು ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ವಿವರಿಸಿದಳು. ಗುಬ್ಬಿಯಲ್ಲಿ ಮರದ ಕೆಳಗೆ ಶರ್ಟು ಬಿಚ್ಚಿದರೆ ತಂಪು, ಏಕೆಂದರೆ ಅಲ್ಲಿನ ಗಾಳಿ ಸಾಮಾನ್ಯವಾಗಿ ಚರ್ಮಕ್ಕಿಂತ ತಣ್ಣಗಿರುತ್ತದೆ. ಇಲ್ಲಿ ಗಾಳಿಯೇ ಚರ್ಮಕ್ಕಿಂತ ಬಿಸಿ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಮರಳು, ಸುತ್ತ ಬಿಸಿಗಾಳಿ, ಮೂರೂ ಬರಿಮೈಗೆ ಶಾಖ ತುಂಬುತ್ತವೆ. ಅಷ್ಟನ್ನೂ ಹೊರಹಾಕಲು ಬೆವರೊಂದೇ ದಾರಿ, ಹಾಗಾಗಿ ಬರಿಮೈಯವನು ಹೆಚ್ಚು ಬೆವರಬೇಕು, ನೀರು ಹೆಚ್ಚು ಕಳೆದುಕೊಳ್ಳಬೇಕು. ಸಡಿಲ ಬಟ್ಟೆ ಬಿಸಿಲನ್ನು ತನ್ನ ಮೇಲೆ ತೆಗೆದುಕೊಂಡು ಹೊರಗಿನ ಗಾಳಿಗೇ ಬಿಟ್ಟುಕೊಡುತ್ತದೆ. ಒಳಗೆ ಗಾಳಿ ಆಡುವುದರಿಂದ ಬೆವರು ಚರ್ಮದ ಮೇಲೆಯೇ ಆರಿ ಚರ್ಮ ತಣ್ಣಗಾಗುತ್ತದೆ. ಬಿಗಿಯಾಗಿದ್ದರೆ ಬಟ್ಟೆಯ ಕಾವು ನೇರವಾಗಿ ಮೈಗೆ ಇಳಿಯುತ್ತದೆ. ಬೆವರು ಬಟ್ಟೆಗೆ ಹತ್ತಿ ಹೊರಮೈಯಲ್ಲಿ ಆರುತ್ತದೆ, ತಣ್ಣಗಾಗುವುದು ಬಟ್ಟೆ, ಮೈಯಲ್ಲ.

ಗುಂಡಯ್ಯ, ತಮ್ಮ ಶರ್ಟುಗಳು ಕೆಟ್ಟದ್ದು ಚೆನ್ನಾಗಿ ಹೊಲಿದದ್ದರಿಂದಲೇ ಹಾಗಾದರೆ ಎಂದರು. ಇಂಪನಾ ನಗಲಿಲ್ಲ.

“ಊರಿಗೆ ಚೆನ್ನಾಗಿ ಹೊಲ್ದಿದೀರ ಗುಂಡಣ್ಣ. ಇಲ್ಲಿಗೆ ಬೇರೆ ಥರ ಹೊಲೀಬೇಕು ಅಷ್ಟೆ. ಆದ್ರೆ ಒಂದು ಮಾತು. ತೋಳು ಜೋತಾಡ್ತಾ ಇದ್ರೆ ಡ್ರಿಲ್ಲಿಗೆ ಸಿಕ್ಕಾಕ್ಕೊಳ್ಳುತ್ತೆ. ಅದಕ್ಕೆ ದಾರಿ ಹುಡುಕಿದ್ರೆ ಮಾತ್ರ ನಾನು ಒಪ್ತೀನಿ.”

ಈ ಸಲ ಅಳತೆ ತೆಗೆದು ಎದೆಗೆ ಹನ್ನೆರಡು ಇಂಚು ಸೇರಿಸಿದರು. ಸೀಮೆಸುಣ್ಣದ ಗೆರೆ ಹಾಕುವಾಗ ಕೈ ಎರಡು ಸಲ ಒಳಕ್ಕೇ ಎಳೆಯಿತಂತೆ. ತೆಳುವಾದ ಕಾಟನ್ ತರಿಸಿದರು. ಕಂಕುಳಿಗೆ ಅಗಲದ ಪಟ್ಟಿ ಕೊಟ್ಟರು. ಬಿಸಿಲು ಹೆಚ್ಚು ಬೀಳುವ ಭುಜಕ್ಕೂ ಬೆನ್ನಿಗೂ ಎರಡನೆಯ ಪದರ ಹಾಕಿ, ಅದರ ಕೆಳ ಅಂಚನ್ನು ಹೊಲಿಯದೆ ಬಿಟ್ಟರು, ಗಾಳಿ ಅಲ್ಲೂ ನುಗ್ಗಲಿ ಎಂದು. ಕೆಳಭಾಗ ತೆರೆದೇ ಇತ್ತು. ಇಂಪನಾಳ ಮಾತಿಗೆ, ಮಣಿಕಟ್ಟಿನ ಹತ್ತಿರ ಮಾತ್ರ ಎರಡು ಗುಂಡಿಯ ಪಟ್ಟಿ. ಡ್ರಿಲ್ ಹಿಡಿಯುವವನು ಒಳಗುಂಡಿ ಹಾಕಿಕೊಂಡರೆ ಅಂಚು ಬಿಗಿ, ತೋಳಿನ ಉಳಿದ ಭಾಗ ಸಡಿಲ. ಡ್ರಿಲ್ಲಿನವರ ಶರ್ಟಿನ ಕೆಳ ಅಂಚಿಗೂ ಕಟ್ಟಲು ಲಾಡಿ ಕೊಟ್ಟರು. ಹೆಲ್ಮೆಟ್ಟಿನ ಹಿಂದೆ ಕುತ್ತಿಗೆ ಮುಚ್ಚುವ ಪರದೆ. ಪ್ಯಾಂಟೂ ಪೈಜಾಮದಂತೆ ದೊಗಳೆ, ಕಾಲಗಂಟಿನಲ್ಲಿ ಗುಂಡಿ.

ಹುಡುಗರು ಇದನ್ನು ಗೋಣಿಚೀಲ ಎಂದು ಆಡಿಕೊಂಡರು. ಯಾರೂ ಮುಂದೆ ಬರಲಿಲ್ಲ. ಮೊದಲು ಕೈ ನೀಡಿದವನು ಅನಂತರಾಜು.

“ಕೊಡಿ ಗುಂಡಣ್ಣ. ಬಿದ್ದೋನು ನಾನು ತಾನೆ. ನಾನೇ ಹಾಕ್ಕೊಂಡು ನೋಡ್ತೀನಿ.”

ಅವನಿಗಿನ್ನೂ ಬಿಸಿಲಿಗೆ ಹೋಗಲು ಡಾಕ್ಟರ ಅಪ್ಪಣೆ ಆಗಿರಲಿಲ್ಲ. ಹಾಗಾಗಿ ಅವನು ಕಾಯಬೇಕಾಯಿತು, ಆ ಜಾಗಕ್ಕೆ ರಂಗನಾಥ್ ತಾನೇ ನಿಂತ. ಇಂಪನಾ ತೂಕದ ಯಂತ್ರ ತಂದಳು. ಒಂದೇ ಮೈಕಟ್ಟಿನ ಇಬ್ಬರು, ಒಂದೇ ಕೆಲಸ, ಬೆಳಿಗ್ಗೆ ಏಳರಿಂದ ಹತ್ತರವರೆಗೆ. ರಂಗನಾಥನಿಗೆ ಗುಂಡಯ್ಯನವರ ಬಟ್ಟೆ, ಇನ್ನೊಬ್ಬನಿಗೆ ಬನಿಯನ್ನು ಚಡ್ಡಿ. ಅರ್ಧ ಗಂಟೆಗೊಮ್ಮೆ ಅವಳೇ ಬಂದು ಇಬ್ಬರನ್ನೂ ಮಾತಾಡಿಸಿ, ಅಳೆದು ನೀರು ಕುಡಿಸಿದಳು. ಮರುದಿನ ಬಟ್ಟೆ ಅದಲುಬದಲು. ಕೆಲಸಕ್ಕೆ ಮುಂಚೆ, ಆಮೇಲೆ, ಒಣ ಚಡ್ಡಿಯಲ್ಲಿ ತೂಕ, ಕುಡಿದ ನೀರಿನ ಲೆಕ್ಕ ಕೂಡಿಸಿ. ಎರಡೂ ದಿನ ಬನಿಯನ್ನಿನವನು ಇನ್ನೊಬ್ಬನಿಗಿಂತ ಅರ್ಧ ಕೆಜಿಗೂ ಮಿಕ್ಕಿ ಹೆಚ್ಚು ಬೆವರಿದ್ದ. ಇಬ್ಬರ ಎರಡು ದಿನದ ತೂಕ ಎಲ್ಲಕ್ಕೂ ಸಾಕ್ಷಿಯಲ್ಲ ಎಂದು ಇಂಪನಾ ಎಚ್ಚರಿಸಿದಳು. ರಂಗನಾಥನಿಗೆ ತೂಕದ ಯಂತ್ರ ಬೇಕಾಗಿರಲಿಲ್ಲ. ಬನಿಯನ್ ಹಾಕಿದ ದಿನ ಸಂಜೆ ತಲೆನೋವು, ಬಟ್ಟೆ ಹಾಕಿದ ದಿನ ಇಲ್ಲ. “ಭಾವ, ಒಳಗೆ ಗಾಳಿ ಓಡಾಡುತ್ತೆ” ಎಂದ, ಅಷ್ಟೆ.

ಇಪ್ಪತ್ತು ದಿನದೊಳಗೆ ಹದಿನಾಲ್ಕೂ ಜನಕ್ಕೆ ಎರಡೆರಡು ಜೊತೆ ಆದವು. ಬಣ್ಣದ ಬಗ್ಗೆ ಮೊದಲು ಜಗಳವಿತ್ತು, ಕಪ್ಪು, ಕೆಂಪು ಬಟ್ಟೆ ಬಿಸಿ ಹೀರುತ್ತದೆ ಎಂದು. ಇಷ್ಟು ಸಡಿಲವಿದ್ದು ಗಾಳಿಯೂ ಆಡುತ್ತಿದ್ದರೆ ಮೈಗೆ ತಟ್ಟುವ ವ್ಯತ್ಯಾಸ ಬಹಳ ಕಮ್ಮಿ ಎಂದು ಇಂಪನಾ ಹೇಳಿದ ಮೇಲೆ ಪೇಟೆಯಲ್ಲಿ ಸಿಕ್ಕ ಬಣ್ಣದ್ದೇ ಆಯಿತು. ನೆರಳು, ನೀರು, ಬಿಡುವು ಮಾತ್ರ ಅವಳು ಒಂದು ನಿಮಿಷವೂ ಕಮ್ಮಿ ಮಾಡಲಿಲ್ಲ. ಅನಂತರಾಜು ಮೇ ಕೊನೆಯಲ್ಲಿ ಕೆಲಸಕ್ಕೆ ಇಳಿದ. ಮೊದಲ ವಾರ ದಿನಕ್ಕೆ ಎರಡೇ ಗಂಟೆ, ಆಮೇಲೆ ಪೂರ್ತಿ. ಆ ನಾಲ್ಕು ತಿಂಗಳಲ್ಲಿ ಮತ್ತೆ ಯಾರೂ ಬೀಳಲಿಲ್ಲ.

ಗುಂಡಯ್ಯ ಆಗಸ್ಟಿನಲ್ಲಿ ಊರಿಗೆ ಬಂದಾಗ ಮುಖ ಕಪ್ಪಗಾಗಿತ್ತು, ಮಾತು ಜಾಸ್ತಿಯಾಗಿತ್ತು ಎಂದು ರಂಗಲಕ್ಷ್ಮಮ್ಮ ಹೇಳುತ್ತಾರೆ. ರಾಜಸ್ಥಾನದ ಕೆಲಸ ಕೊಟ್ಟಿದ್ದ ಗುತ್ತಿಗೆದಾರ ತನ್ನ ಇನ್ನೆರಡು ಗ್ಯಾಂಗಿಗೂ ಅದೇ ಬಟ್ಟೆ ಬೇಕೆಂದು ಅಷ್ಟರಲ್ಲಿ ಹೇಳಿಕಳಿಸಿದ್ದ. ಈಗ ತುಮಕೂರು ಪಕ್ಕದ ಸತ್ಯಮಂಗಲದ ಒಂದು ಸಣ್ಣ ಹೊಲಿಗೆ ಘಟಕದಲ್ಲಿ ಗುಂಡಯ್ಯ ಕಟಿಂಗ್ ನೋಡಿಕೊಳ್ಳುತ್ತಾರೆ. ಅಲ್ಲಿ ಆರು ಜನ ಹೆಣ್ಣುಮಕ್ಕಳು ಹೊಲಿಯುತ್ತಾರೆ. ಹೊಸದಾಗಿ ಸೇರಿದವಳ ಕೈಯನ್ನು ಅವರು ಮೊದಲು ಮೆಷಿನ್ನಿನ ಮೇಲೆ ಇಡಿಸುವುದಿಲ್ಲ. ಶರ್ಟು ತೊಡಿಸಿ, ಟೇಬಲ್ ಫ್ಯಾನಿನ ಮುಂದೆ ನಿಲ್ಲಿಸಿ, ಕುತ್ತಿಗೆಯ ಹತ್ತಿರ ಅಂಗೈ ಹಿಡಿಯಲು ಹೇಳುತ್ತಾರೆ.

ಹೋದ ವರ್ಷ ಮಂಗಳೂರು ಬಂದರಿನ ಒಬ್ಬರು ಇದೇ ಬಟ್ಟೆ ನೂರು ಬೇಕೆಂದು ಕೇಳಿಕೊಂಡು ಬಂದರು. ಗುಂಡಯ್ಯ ಒಪ್ಪಲಿಲ್ಲ. ಕರಾವಳಿಯ ಗಾಳಿ ಮೊದಲೇ ನೀರು ತುಂಬಿಕೊಂಡಿರುತ್ತದೆ, ಅಲ್ಲಿ ಬೆವರು ಸುಲಭಕ್ಕೆ ಆರುವುದಿಲ್ಲ, ಬಿಸಿಲು ತಡೆಯಲು ಸರಿ, ಆದರೆ ಇಷ್ಟು ಪದರ ಹಾಕಿದರೆ ನಿಮ್ಮವರು ಬೆಂದುಹೋಗುತ್ತಾರೆ ಎಂದು ತಿಳಿಸಿ ಹೇಳಿ ಕಳಿಸಿದರು. ಘಟಕದ ಯಜಮಾನರಿಗೆ ಅದು ಅಷ್ಟು ಹಿಡಿಸಲಿಲ್ಲ. ಆ ವಾರವೇ ರಾಜಸ್ಥಾನಕ್ಕೆ ಹೊರಡುವ ಗ್ಯಾಂಗಿನ ಅಳತೆ ತೆಗೆಯುವುದಿತ್ತು. ಕೋರದಿಂದ, ಕುಣಿಗಲ್ಲಿನಿಂದ ಬಂದ ಇಪ್ಪತ್ತೆರಡು ಜನ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು, ಸಾಲಿನ ಮುಂದೆ ಅನಂತರಾಜು ಎಲ್ಲರಿಗೂ ಕೈ ಎತ್ತಿ ನಿಲ್ಲಲು ಹೇಳುತ್ತಿದ್ದ.