ಚಾರ್ಜರ್ ಕಿತ್ತು ನೋಡಿ ತಂದ ಲ್ಯಾಪ್‌ಟಾಪ್

ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಎಂಬತ್ತರ ದಶಕದಿಂದ ಮಸ್ಕಿ ಸುತ್ತ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆದು ಮನೆ ನಡೆಸಿದವನು ನಾನು. ಏನೇ ಕೊಂಡರೂ ಅಂಗಡಿಯಲ್ಲಿದ್ದುದರಲ್ಲಿ ದೊಡ್ಡದನ್ನೇ ಕೊಳ್ಳುವುದು ನನ್ನ ರೂಢಿ. ಕೊರೊನಾದಿಂದ ಶಾಲೆಗಳು ಮುಚ್ಚಿದ ವರ್ಷ ಮಗಳಿಗೆ ಲ್ಯಾಪ್‌ಟಾಪ್ ತರಲು ಸಿಂಧನೂರಿಗೆ ಹೊರಟಾಗಲೂ ಹಾಗೇ ಅಂದುಕೊಂಡಿದ್ದೆ.

ಮಗಳು ಲಿಂಗಸುಗೂರಿನ ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು. ಶಾಲೆ ಮುಚ್ಚಿ ಸಂಬಳ ನಿಂತಿತ್ತು. ಆನ್‌ಲೈನ್ ಕ್ಲಾಸು ನಡೆಸುವ ಸಂಸ್ಥೆಯೊಂದು, ಸೋಮವಾರದೊಳಗೆ ಒಂದು ಪಾಠ ರೆಕಾರ್ಡ್ ಮಾಡಿ ಕಳಿಸಿದರೆ ನೋಡಿ ಕೆಲಸ ಕೊಡುತ್ತೇವೆ ಎಂದಿತ್ತು. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಅದಾಗಲಿಲ್ಲ. ಸ್ಕ್ರೀನ್ ಶೇರ್ ಮಾಡಿ, ರೆಕಾರ್ಡಿಂಗ್ ಹಚ್ಚಿ, ಬರೆದದ್ದನ್ನು ಸ್ಕ್ರೀನಿನಲ್ಲಿ ಮೂಡಿಸುವ ಪೆನ್ ಟ್ಯಾಬ್ಲೆಟ್ ಮೇಲೆ ಬರೆದರೆ ಗೆರೆ ಅವಳ ಕೈಗಿಂತ ಹಿಂದೆ ಉಳಿಯುತ್ತಿತ್ತು.

ಅಂಗಡಿಯವನು ಗೇಮ್ ಆಡುವವರ ದಪ್ಪ ಲ್ಯಾಪ್‌ಟಾಪ್ ತೋರಿಸಿದ. ಕೀಲಿಗಳ ಕೆಳಗೆ ಬಣ್ಣದ ದೀಪ. ನನಗೆ ಬಹಳ ಹಿಡಿಸಿತು. ಕಟ್ಟಿಕೊಡು ಎಂದೆ. ಮಗಳು ಮಾತ್ರ ಚೀಲದಿಂದ ಪೆನ್ ಟ್ಯಾಬ್ಲೆಟ್ ತೆಗೆದು ಅದಕ್ಕೆ ಜೋಡಿಸಿದಳು. ಗೆಳತಿಗೆ ಫೋನ್ ಮಾಡಿ ಮೀಟಿಂಗಿಗೆ ಕರೆದಳು. ಕ್ಯಾಮರಾ, ಸ್ಕ್ರೀನ್ ಶೇರ್, ರೆಕಾರ್ಡಿಂಗ್ ಮೂರನ್ನೂ ಒಟ್ಟಿಗೆ ಹಚ್ಚಿ ತ್ರಿಕೋನ ಬರೆದಳು. ಗೆರೆ ಪೆನ್ನಿನ ಜೊತೆಗೇ ಓಡಿತು. ವ್ಯಾಪಾರ ಮುಗಿಯಿತು ಅನ್ನುವಷ್ಟರಲ್ಲಿ ಚಾರ್ಜರಿನ ವಯರು ಕಿತ್ತಳು.

"ಯಾಕ್ರೀ ಮೇಡಂ?"

"ಮಸ್ಕ್ಯಾಗ ಕರೆಂಟ್ ನನ್ನ ಕೇಳಿ ಹೋಗಂಗಿಲ್ರೀ."

ಬ್ಯಾಟರಿ ಮೇಲೆ ಆ ದಪ್ಪ ಮಷೀನು ನಿಧಾನವಾಯಿತು, ಗೆರೆ ತಡವರಿಸಿತು. ಅಂಗಡಿಯವನು ಸೆಟ್ಟಿಂಗ್ ಬದಲಿಸಿದ. ಗೆರೆ ಸರಿಯಾಯಿತು, ಆದರೆ ಫ್ಯಾನು ಒದರತೊಡಗಿತು, ಬ್ಯಾಟರಿಯೂ ನೋಡನೋಡುತ್ತ ಇಳಿಯಿತು. ರೆಕಾರ್ಡಿಂಗ್ ಹಚ್ಚಿ ಕೇಳಿದರೆ ಅವಳ ಮಾತಿನ ಕೆಳಗೆ ಫ್ಯಾನಿನದೇ ಗದ್ದಲ.

"ಅಪ್ಪಾ, ಹುಡುಗ್ರು ಪಾಠ ಕೇಳ್ಬೇಕೋ, ನಿನ್ನ ಟ್ರ್ಯಾಕ್ಟರ್ ಕೇಳ್ಬೇಕೋ?"

"ನನ್ನ ಟ್ರ್ಯಾಕ್ಟರ್ ಇಷ್ಟು ಒದರಂಗಿಲ್ಲ ತಗಿ," ಎಂದೆ. ಅಂಗಡಿಯವನು ನಕ್ಕುಬಿಟ್ಟ.

ಎರಡನೆಯದು ತೆಳ್ಳಗಿತ್ತು. ಅದರಲ್ಲಿ ಸಣ್ಣ ಟೈಪ್-ಸಿ ಕಿಂಡಿಗಳಷ್ಟೇ ಇದ್ದು, ಟ್ಯಾಬ್ಲೆಟ್ಟಿನ ವಯರು ನೇರ ಕೂರಲಿಲ್ಲ. ನಡುವೆ ಜೋಡಿಸುವ ತುಂಡು ಪಾಠದ ಮಧ್ಯೆ ಅಲುಗಿ ಕಳಚಿದರೆ ಕಷ್ಟವೆಂದು ಅದನ್ನೂ ಬಿಟ್ಟಳು. ಮೂರನೆಯದು ಬೂದು ಬಣ್ಣದ್ದು, ಹದಿನಾರು ಜಿಬಿ ರ್‍ಯಾಮಿನದು. ಚಾರ್ಜರ್ ಕಿತ್ತರೂ ಗೆರೆ ಹಿಂದುಳಿಯಲಿಲ್ಲ. ಫ್ಯಾನಿನ ಸದ್ದು ಕಿವಿ ಹತ್ತಿರ ತಂದರಷ್ಟೇ ಕೇಳಿತು.

"ನೋಡಾಕ ಏನೂ ಇಲ್ಲಲ್ಲಬೇ," ಎಂದೆ.

"ನೋಡಾಕಲ್ಲಪ್ಪಾ, ಬರಿಯಾಕ."

ನಾನು ದುಡ್ಡು ಎಣಿಸಿ ಕೊಟ್ಟೆ. ಅದನ್ನೇ ತಂದೆವು.

ಭಾನುವಾರ ಒಳಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿದಳು. ನಡುವೆ ಕರೆಂಟು ಹೋದರೂ ಬರೆಯುತ್ತಲೇ ಇದ್ದಳು. ಕೊನೆಯಲ್ಲಿ ನಮ್ಮ ಎಮ್ಮೆ ಒದರಿತು, ಮತ್ತೊಮ್ಮೆ ಮಾಡಬೇಕಾಯಿತು. ಕಳಿಸಿದ ವಾರದಲ್ಲೇ ಒಂಬತ್ತನೇ ಇಯತ್ತೆಯ ಕ್ಲಾಸು ಅವಳಿಗೆ ಸಿಕ್ಕಿತು. ಕ್ಲಾಸಿಗೆ ಮೊದಲು ಎಮ್ಮೆಯನ್ನು ಓಣಿಯ ಆ ತುದಿಗೆ ಹೊಡೆದುಕೊಂಡು ಹೋಗಿ ಕಟ್ಟುವ ಕೆಲಸ ನನಗೆ ಬಿತ್ತು.