ಮೂರನೇ ಪ್ರಶ್ನೆಯ (ಆ)

ಸರಸ್ವತಿಪುರಂನ ಹೈಸ್ಕೂಲೊಂದರಲ್ಲಿ ನಾನು ಕ್ಲರ್ಕ್ ಆಗಿದ್ದಾಗ, ಪ್ರಶ್ನೆಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಗೆ ಇಳಿಸುವ ಕೆಲಸ ನನ್ನದಾಗಿತ್ತು. ಬೇರೆ ಮೇಷ್ಟ್ರುಗಳ ಕರಡು ಕಂಡರೆ ಮೈ ಉರಿಯುತ್ತಿತ್ತು. ಚರಿತ್ರೆಯ ಮೇಷ್ಟ್ರದು ಮಾತ್ರ ಚೊಕ್ಕ. ಪ್ರಶ್ನೆಯ ಸಂಖ್ಯೆ ಅಂಚಿಗೆ, (ಅ) ಮತ್ತು (ಆ) ಒಂದು ಬೆರಳು ಒಳಗೆ, ಅವುಗಳ ಕೆಳಗಿನ i, ii ಇನ್ನೂ ಒಳಗೆ, ಅಂಕಗಳು ಬಲತುದಿಯಲ್ಲಿ.

ಆ ವರ್ಷ ಅವರ ಕರಡಿನಲ್ಲಿ ಎಲ್ಲವೂ ಎಡದಂಚಿಗೇ ಒತ್ತಿಕೊಂಡಿತ್ತು. ಅಕ್ಷರವೇನೋ ಅವರದೇ. ಮೂರನೇ ಪ್ರಶ್ನೆಗೆ (ಅ) ಮಾತ್ರ ಇತ್ತು; ನಾಲ್ಕನೆಯದಕ್ಕೆ (ಆ) ಎರಡೆರಡು. ಪ್ರತಿ ಪ್ರಶ್ನೆಗೂ ಹತ್ತು ಅಂಕವಾದರೆ, ಮೂರರಲ್ಲಿ ಕೂಡಿದ್ದು ನಾಲ್ಕು, ನಾಲ್ಕರಲ್ಲಿ ಹದಿನಾರು. ಮೂರು ಮೂರು ಅಂಕದ i, ii ಇದ್ದ (ಆ) ಭಾಗವನ್ನು ಮೂರನೆಯದಕ್ಕೆ ತಂದರೆ ಎರಡೂ ಸರಿಹೋಗುತ್ತಿದ್ದವು. ಕೇಳದೆ ಜರುಗಿಸಲು ಕೈ ಬರಲಿಲ್ಲ.

ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಇದ್ದರು.

"ಮೇಷ್ಟ್ರೇ, ಈ (ಆ) ಮೂರಕ್ಕೆ ಸೇರಬೇಕಲ್ವಾ?"

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಹೌದು ಕಣಮ್ಮ, ಮೂರಕ್ಕೇ. ಹಿಂಗೆ ಎಲ್ಲಾನೂ ಒಂದೇ ಸಾಲಿಗೆ ಬರೆದ್ಬುಟ್ರೆ ಹುಡುಗ್ರಿಗೆ ಯಾವುದು ಯಾವುದರೊಳಗೆ ಅಂತ ಹೆಂಗೆ ಗೊತ್ತಾಗ್ಬೇಕು?" ಎಂದು ರೇಗಿದರು.

ಆ ರೇಗಾಟ ಕೇಳಿ, ಮೇಷ್ಟ್ರು ಎಂದಿನಂತೆಯೇ ಇದ್ದಾರೆ ಅನ್ನಿಸಿ ನನಗೆ ಹೋದ ಜೀವ ಬಂದಂತಾಯಿತು. ಹಾಳೆಗಾಗಿ ಕೈ ಚಾಚಿದೆ. ಅವರು ಕೊಡಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಇದನ್ನ ಬರೆದದ್ದು ಯಾರಮ್ಮ?"